ಕೇಳಿದ್ದು ಕಾಫಿಯನ್ನೋ, ಪ್ರಶ್ನೆಯನ್ನೋ?

ಶನಿವಾರದ ಸ್ಪ್ಯಾನಿಷ್ ತರಗತಿಗೆ ಬರುವ ಹುಡುಗನೊಬ್ಬ ಐದು ವಾಕ್ಯದ ಕಥೆ ಬರೆದು ತಂದಿದ್ದ. ಕಂಪನಿಯವರು ಅವನನ್ನು ಎರಡು ವರ್ಷದ ಮಟ್ಟಿಗೆ ಮೆಕ್ಸಿಕೋದ ಗ್ವಾದಲಹಾರಾಕ್ಕೆ ಕಳಿಸುವವರಿದ್ದಾರೆ. ಹಾಗಾಗಿ ಕಥೆಯೂ ಅಲ್ಲಿನ ಒಂದು ಹೋಟೆಲಿನಲ್ಲೇ ನಡೆಯುತ್ತದೆ. ಮೊದಲು ಕನ್ನಡದಲ್ಲಿ ಹೇಳಿದ: ಹೋಟೆಲಿಗೆ ಹೋಗಿ ಕಾಫಿ ಕೇಳಿದೆ. ಬೆಲೆ ಎಷ್ಟು ಅಂತ ಕೇಳಿದೆ. ಸಕ್ಕರೆ ತರಬೇಕೆಂದು ಮಾಣಿಯನ್ನು ಕೇಳಿಕೊಂಡೆ. ಅವನು ನನ್ನ ಹೆಸರು ಕೇಳಿದ. ಕೊನೆಗೆ ಬಿಲ್ಲು ಕೇಳಿದೆ. ಐದು ವಾಕ್ಯಕ್ಕೂ ಅವನು ಬಳಸಿದ್ದು ಒಂದೇ ಸ್ಪ್ಯಾನಿಷ್ ಕ್ರಿಯಾಪದ, ‘ಪ್ರೆಗುಂತಾರ್’. ಮೊದಲ ಸಾಲೇ ‘ಪ್ರೆಗುಂತೇ ಉನ್ ಕಫೇ’. ನಾನು ಅದರಡಿ ಗೆರೆ ಎಳೆದೆ.

“ಯಾಕೆ ಮೇಡಂ? ಪುಸ್ತಕದಲ್ಲಿ ಪ್ರೆಗುಂತಾರ್ ಅಂದ್ರೆ ‘ಆಸ್ಕ್’ ಅಂತಾನೇ ಇದೆಯಲ್ಲ?” ಎಂದ.

ಇದೆ, ನಿಜ. ಅದೇ ಪುಸ್ತಕದಲ್ಲಿ ನಾಲ್ಕು ಪುಟ ಮುಂದೆ ‘ಪೆದೀರ್’ ಅಂದರೂ ‘ಆಸ್ಕ್’ ಎಂದೇ ಇದೆ. ಎರಡೂ ಕಡೆ ಬಲಗಡೆಯ ಪದ ಒಂದೇ ಆಗಿರುವಾಗ ಹುಡುಗ ಮಾಡಿದ್ದರಲ್ಲಿ ತಪ್ಪೇನು? ಇಂಗ್ಲಿಷ್ ಮಾತಾಡುವವರಿಗೆಂದು ಬರೆದ ಸ್ಪ್ಯಾನಿಷ್ ಪುಸ್ತಕಗಳಲ್ಲೆಲ್ಲ ‘ಗೊಂದಲಕ್ಕೀಡುಮಾಡುವ ಕ್ರಿಯಾಪದ ಜೋಡಿಗಳು’ ಎಂದೊಂದು ಅಧ್ಯಾಯ ಇದ್ದೇ ಇರುತ್ತದೆ: ಪೆದೀರ್ ಮತ್ತು ಪ್ರೆಗುಂತಾರ್, ತೊಮಾರ್ ಮತ್ತು ಕೊಹೇರ್, ಸಬೇರ್ ಮತ್ತು ಕೊನೊಸೇರ್, ಸೇರ್ ಮತ್ತು ಎಸ್ತಾರ್, ಈರ್ ಮತ್ತು ಬೆನೀರ್. ನಮ್ಮಲ್ಲಿ ಸ್ಪ್ಯಾನಿಷ್ ಕಲಿಯುವವರ ಕೈಗೆ ಬರುವುದೂ ಹೆಚ್ಚಾಗಿ ಆ ಪುಸ್ತಕಗಳೇ. ಇಂಗ್ಲಿಷಿನವರ ಗೊಂದಲವನ್ನು ನಾವು ದುಡ್ಡು ಕೊಟ್ಟು ಕೊಂಡುಕೊಳ್ಳುತ್ತೇವೆ. ಈ ಜೋಡಿಗಳ ಬಗ್ಗೆ ಪಂಡಿತರು ಹೇಳಿದ್ದನ್ನೂ ತರಗತಿಯಲ್ಲಿ ಕಂಡದ್ದನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ನನಗನ್ನಿಸುವುದು ಇಷ್ಟು: ಇವುಗಳಲ್ಲಿ ಹೆಚ್ಚಿನವು ಸ್ಪ್ಯಾನಿಷಿನಲ್ಲಿ ಜೋಡಿಗಳೇ ಅಲ್ಲ. ಮ್ಯಾಡ್ರಿಡ್‌ನ ಮಗುವಿಗೆ ಪೆದೀರ್ ಎಂದರೆ ಬೇಡುವುದು, ಕೋರುವುದು, ಒತ್ತಾಯಿಸುವುದು ಇವುಗಳ ನೆಂಟ. ಪ್ರೆಗುಂತಾರ್ ಎಂದರೆ ಉತ್ತರಿಸುವುದರ ನೆಂಟ. ಇವೆರಡನ್ನೂ ಹಿಡಿದು ಗಂಟು ಹಾಕಿದ್ದು ಇಂಗ್ಲಿಷಿನ ‘ಆಸ್ಕ್’.

ಹುಡುಗನ ಐದು ವಾಕ್ಯಗಳನ್ನೇ ಒಂದೊಂದಾಗಿ ನೋಡೋಣ. ಕಾಫಿ ಕೇಳಿದ್ದು ‘ಪೆದೀ ಉನ್ ಕಫೇ’ ಆಗಬೇಕು. ಕೇಳಿದ್ದಕ್ಕೆ ಪ್ರತಿಯಾಗಿ ಬರುವುದು ಮಾತಲ್ಲ, ಲೋಟ. ಬೆಲೆ ಕೇಳಿದ್ದು ಮಾತ್ರ ‘ಪ್ರೆಗುಂತೇ ಎಲ್ ಪ್ರೆಸ್ಯೊ’. ಅಲ್ಲೊಂದು ಪ್ರಶ್ನೆ ಇಲ್ಲವಲ್ಲ, ಬರೀ ‘ಬೆಲೆ’ ಎಂಬ ನಾಮಪದ ಇದೆಯಲ್ಲ ಎಂದು ಕೆಲವರಿಗೆ ಅನ್ನಿಸುತ್ತದೆ. ಆದರೆ ಆ ನಾಮಪದದ ಹೊಟ್ಟೆಯಲ್ಲಿ ‘ಎಷ್ಟು?’ ಅಡಗಿ ಕೂತಿದೆ. ಗಂಟೆ ಕೇಳುವುದೂ ಹೀಗೆಯೇ. ‘ಗಂಟೆ ಕೇಳಿದೆ’ ಎಂದರೆ ಯಾರೂ ಗಡಿಯಾರ ಬಿಚ್ಚಿ ಕೈಗೆ ಕೊಡುವುದಿಲ್ಲ. ಸಕ್ಕರೆಯ ವಾಕ್ಯ ‘ಲೆ ಪೆದೀ ಕೆ ತ್ರಹೇರಾ ಅಸೂಕರ್’. ಇಲ್ಲಿ ಕೇಳಿದ್ದು ವಸ್ತುವನ್ನಲ್ಲ, ಇನ್ನೊಬ್ಬನ ಕೆಲಸವನ್ನು. ಇಂಥ ಕಡೆ ಪೆದೀರ್ ನಂತರ ‘ಕೆ’ ಬಂದು, ಅದರ ಹಿಂದೆ ಬರುವ ಕ್ರಿಯಾಪದ ಸಾಮಾನ್ಯ ರೂಪ ಬಿಟ್ಟು ಸಂಭಾವನಾ ರೂಪಕ್ಕೆ ಹೊರಳುತ್ತದೆ. ತಂದದ್ದು ನಡೆದ ಸಂಗತಿ ಅಲ್ಲ, ನಡೆಯಲಿ ಎಂದು ಬಯಸಿದ್ದು, ಅದಕ್ಕೆ. ಬಿಲ್ಲಿನದು ‘ಪೆದೀ ಲಾ ಕ್ವೆಂತಾ’. ಬಿಲ್ಲಿನಲ್ಲಿ ಏನೋ ಅನುಮಾನ ಬಂದು ಅದರ ಬಗ್ಗೆ ವಿಚಾರಿಸಿದ್ದರೆ ‘ಪ್ರೆಗುಂತೇ ಪೋರ್ ಲಾ ಕ್ವೆಂತಾ’ ಎನ್ನಬಹುದಿತ್ತು.

ನಾಲ್ಕನೆಯ ವಾಕ್ಯ ಉಳಿಯಿತು, ಮಾಣಿ ಹೆಸರು ಕೇಳಿದ್ದು. ನನಗೆ ಇಷ್ಟವಾದದ್ದು ಇದೇ. ಇಲ್ಲಿ ಎರಡೂ ಸರಿ, ಆದರೆ ಎರಡು ಬೇರೆ ದೃಶ್ಯ. ‘ಮೆ ಪ್ರೆಗುಂತೋ ಎಲ್ ನೋಂಬ್ರೆ’ ಎಂದರೆ ಅವನಿಗೆ ನನ್ನ ಹೆಸರು ತಿಳಿಯಬೇಕಿತ್ತು, ಬಹುಶಃ ಮಾತಿಗೆ ಎಳೆಯುತ್ತಿದ್ದಾನೆ. ‘ಮೆ ಪಿದ್ಯೋ ಎಲ್ ನೋಂಬ್ರೆ’ ಎಂದರೆ ಕೈಯಲ್ಲಿ ಚೀಟಿ ಇದೆ, ಲೋಟದ ಮೇಲೆ ಬರೆಯಲು ಹೆಸರು ಬೇಕು, ಕೊಡು ಎನ್ನುತ್ತಿದ್ದಾನೆ. ಫೋನ್ ನಂಬರು, ವಿಳಾಸ, ಹುಟ್ಟಿದ ದಿನಾಂಕ ಎಲ್ಲವೂ ಈ ಗಡಿಯ ಮೇಲೆ ನಿಂತವು. ಸರ್ಕಾರಿ ಕಿಟಕಿಯ ಹಿಂದೆ ಕೂತವರು ಸಾಮಾನ್ಯವಾಗಿ ಪೆದೀರ್ ಮಾಡುತ್ತಾರೆ, ಪಕ್ಕದ ಮನೆಯವರು ಪ್ರೆಗುಂತಾರ್ ಮಾಡುತ್ತಾರೆ.

ತರಗತಿಯಲ್ಲಿ ನಾನು ಹೇಳಿಕೊಡುತ್ತಿದ್ದ ಸೂತ್ರ ಒಂದಿತ್ತು: ಉತ್ತರ ಬಾಯಿಂದ ಬರುವುದಾದರೆ ಪ್ರೆಗುಂತಾರ್, ಕೈಯಿಂದ ಬರುವುದಾದರೆ ಪೆದೀರ್. ಹತ್ತಕ್ಕೆ ಎಂಟು ಸಲ ಇದು ನಡೆಯುತ್ತದೆ. ಆದರೆ ಸಲಹೆ ಕೇಳುವುದು, ಅನುಮತಿ ಕೇಳುವುದು, ಕ್ಷಮೆ ಕೇಳುವುದು ಮೂರಕ್ಕೂ ಪ್ರತಿಯಾಗಿ ಬರುವುದು ಮಾತೇ. ಸ್ಪ್ಯಾನಿಷಿನಲ್ಲಿ ಮೂರೂ ಪೆದೀರ್. ಸಲಹೆ, ಅನುಮತಿ, ಕ್ಷಮೆ ಇವುಗಳನ್ನು ಯಾರಾದರೂ ‘ಕೊಡಬೇಕು’. ಹಾಗಾಗಿ ಬಾಯಿ, ಕೈ ಎನ್ನುವುದಕ್ಕಿಂತ ಒಬ್ಬರು ಕೊಡುವಂಥದ್ದೋ, ಹೇಳುವಂಥದ್ದೋ ಎಂದು ನೋಡುವುದು ಮೇಲು. ಇನ್ನೊಂದು ಬಲೆಯಿದೆ. ‘ಪ್ರಶ್ನೆ ಕೇಳುವುದು’ ಎನ್ನಲು ಪ್ರೆಗುಂತಾರ್ ಜೊತೆಗೆ ‘ಪ್ರೆಗುಂತಾ’ ಸೇರಿಸಿ ಹೇಳುವುದಿಲ್ಲ. ‘ಅಸೇರ್ ಉನಾ ಪ್ರೆಗುಂತಾ’, ಅಂದರೆ ಪ್ರಶ್ನೆ ‘ಮಾಡುವುದು’. ನಮ್ಮ ಮೇಷ್ಟ್ರುಗಳೂ ‘ಪ್ರಶ್ನೆ ಮಾಡಬೇಡ, ಕೂತ್ಕೋ’ ಎನ್ನುತ್ತಿದ್ದರು. ಇದು ನಮಗೆ ಹೊಸದೇನಲ್ಲ.

ಈ ಎರಡು ಪದಗಳ ಹುಟ್ಟು ನೋಡಿದರೆ ದೂರ ಇನ್ನೂ ಸ್ಪಷ್ಟವಾಗುತ್ತದೆ. ಪೆದೀರ್ ಬಂದದ್ದು ಲ್ಯಾಟಿನಿನ ‘ಪೆತೆರೆ’ಯಿಂದ. ಒಂದರ ಕಡೆಗೆ ಹೋಗುವುದು, ಅದನ್ನು ಪಡೆಯಲು ಹೊರಡುವುದು ಎಂಬುದು ಅದರ ಮೂಲ ಅರ್ಥ. ಪ್ರೆಗುಂತಾರ್‌ನ ಮೂಲ ‘ಪೆರ್ಕೊಂತಾರಿ’. ಅದರೊಳಗೆ ‘ಕೊಂತುಸ್’ ಎಂಬ ಉದ್ದನೆಯ ಗಳು ಇದೆ. ದೋಣಿಯವರು ನೀರಿನ ಆಳ ನೋಡಲು ಇಳಿಬಿಡುವ ಗಳು ಅದು. ಒಂದು ಪದ ಏನನ್ನೋ ಪಡೆಯಲು ಹೊರಟವನದು, ಇನ್ನೊಂದು ನೀರಿಗೆ ಗಳು ಇಳಿಸಿ ತಳ ತಡಕುವವನದು. ಇವೆರಡನ್ನು ಅವಳಿ ಎಂದು ಯಾರಾದರೂ ಕರೆದಾರೆಯೇ?

ಇಂಗ್ಲಿಷಿನಲ್ಲೂ ಒಂದು ಕಾಲಕ್ಕೆ ಪ್ರಶ್ನೆಗೆ ಒಂದು, ಬೇಡಿಕೆಗೆ ಇನ್ನೊಂದು ಎಂದು ಬೇರೆ ಬೇರೆ ಕ್ರಿಯಾಪದಗಳಿದ್ದವು. ಅವುಗಳ ಸೋದರರು ಜರ್ಮನಿನಲ್ಲಿ ‘ಫ್ರಾಗೆನ್’, ‘ಬಿಟ್ಟೆನ್’ ಎಂದು ಇವತ್ತಿಗೂ ಬೇರೆ ಸಂಸಾರ ಮಾಡಿಕೊಂಡಿದ್ದಾರೆ. ಇಂಗ್ಲಿಷಿನಲ್ಲಿ ‘ಆಸ್ಕ್’ ಎರಡು ಮನೆಯನ್ನೂ ನುಂಗಿತು. ಸ್ಪ್ಯಾನಿಷಿನ ಪಕ್ಕದಲ್ಲೇ ಇರುವ ಫ್ರೆಂಚರೂ ‘ದಮಾಂದೆ’ ಒಂದರಿಂದಲೇ ಎರಡೂ ಕೆಲಸ ಮಾಡಿಸಿಕೊಳ್ಳುತ್ತಾರೆ. ಹೀಗಾಗಿ ಇದು ಇಂಗ್ಲಿಷಿನವರೊಬ್ಬರ ರೋಗವಲ್ಲ. ಆ ಫ್ರೆಂಚ್ ಪದವನ್ನೇ ಸ್ಪ್ಯಾನಿಷಿಗೆ ತಂದು ‘ದೆಮಂದಾರ್’ ಎಂದರೆ ಇನ್ನೊಂದು ಫಜೀತಿ. ಅದಕ್ಕೆ ಅಲ್ಲಿ ನ್ಯಾಯಾಲಯದಲ್ಲಿ ದಾವೆ ಹೂಡುವುದು ಎಂಬ ಅರ್ಥ ಗಟ್ಟಿಯಾಗಿದೆ.

ಕನ್ನಡದ್ದು? ನಮ್ಮ ‘ಕೇಳು’ ಇನ್ನೂ ಹೊಟ್ಟೆಬಾಕ. ದಾರಿ ಕೇಳಿದೆ, ಸಾಲ ಕೇಳಿದೆ, ಹಾಡು ಕೇಳಿದೆ, ಮಾತು ಕೇಳಲಿಲ್ಲ. ಪ್ರಶ್ನೆ, ಬೇಡಿಕೆ, ಕಿವಿ, ವಿಧೇಯತೆ ಎಲ್ಲಕ್ಕೂ ಅದೇ. ಆದರೂ ಇಂಗ್ಲಿಷ್ ಕಲಿತ ಕನ್ನಡಿಗರಲ್ಲಿ ಹಾಡನ್ನು ‘ಆಸ್ಕ್’ ಮಾಡಿದೆ ಎಂದವರನ್ನು ನಾನು ಕಂಡಿಲ್ಲ. ಒಂದು ಪದ ಎರಡಾಗಿ ಸೀಳಿದರೆ ತಪ್ಪು ಆಗಿಯೇ ತೀರುತ್ತದೆ ಎನ್ನುವುದು ಹಾಗಾದರೆ ಪೂರ್ತಿ ನಿಜವಲ್ಲ.

ಪಂಡಿತರು ಒಂದು ಕಾಲಕ್ಕೆ ನಂಬಿದ್ದು ಹೆಚ್ಚುಕಡಿಮೆ ಅದನ್ನೇ. ರಾಬರ್ಟ್ ಲಾಡೋ 1957ರಲ್ಲಿ ಬರೆದ ಪುಸ್ತಕದ ಮೂಲ ವಾದ ಇದು: ಎರಡು ಭಾಷೆಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರೆ ಕಲಿಯುವವನು ಎಲ್ಲಿ ಎಡವುತ್ತಾನೆ ಎಂದು ಮೊದಲೇ ಹೇಳಬಹುದು. 1965ರಲ್ಲಿ ಸ್ಟಾಕ್‌ವೆಲ್, ಬೋವೆನ್, ಮಾರ್ಟಿನ್ ಎಂಬ ಮೂವರು ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ವ್ಯಾಕರಣಗಳನ್ನೇ ಹೋಲಿಸಿ, ಕಷ್ಟಗಳಿಗೆ ಏಣಿಯ ಮೆಟ್ಟಿಲುಗಳಂತೆ ಒಂದು ಕ್ರಮ ಹಾಕಿಕೊಟ್ಟರು. ತಾಯ್ನುಡಿಯ ಒಂದು ಸಂಗತಿ ಹೊಸ ನುಡಿಯಲ್ಲಿ ಎರಡಾಗಿ ಒಡೆಯುವುದು ಆ ಏಣಿಯ ಮೇಲ್ತುದಿಯಲ್ಲಿತ್ತು. ನಮ್ಮ ಜೋಡಿಗಳೆಲ್ಲ ಅಲ್ಲೇ ಕೂರುತ್ತವೆ. ಎರಡೇ ವರ್ಷದಲ್ಲಿ, 1967ರಲ್ಲಿ, ಪಿಟ್ ಕಾರ್ಡರ್ ತಪ್ಪುಗಳನ್ನು ಬೇರೆ ಕಣ್ಣಿನಿಂದ ನೋಡಿದರು. ತಪ್ಪು ಎನ್ನುವುದು ಬರೀ ತಾಯ್ನುಡಿಯ ಸೋರಿಕೆಯಲ್ಲ, ಕಲಿಯುವವನು ತನ್ನೊಳಗೆ ಕಟ್ಟಿಕೊಳ್ಳುತ್ತಿರುವ ನಿಯಮದ ಕುರುಹು ಎಂದರು. ಈ ದೃಷ್ಟಿಯಿಂದ ನಮ್ಮ ಹುಡುಗ ಎಡವಿರಲೇ ಇಲ್ಲ. ‘ಆಸ್ಕ್ ಇದ್ದಲ್ಲಿ ಪ್ರೆಗುಂತಾರ್’ ಎಂಬ ನಿಯಮ ಮಾಡಿಕೊಂಡು ಐದೂ ವಾಕ್ಯಕ್ಕೆ ನಿಷ್ಠೆಯಿಂದ ಹಾಕಿದ್ದ.

ಆ ನಿಯಮ ಹುಟ್ಟಿದ್ದು ಪುಸ್ತಕದ ಎರಡು ಅಂಕಣಗಳಿಂದ. ಜೋಡಿಯನ್ನು ಜೋಡಿಯಾಗಿಯೇ ಕಲಿಸುವುದೇ ತೊಂದರೆಯ ಬೇರು ಎಂಬ ಅನುಮಾನಕ್ಕೆ ಪ್ರಯೋಗಗಳ ಆಧಾರವೂ ಒಂದಿಷ್ಟಿದೆ. ಥಾಮಸ್ ಟಿಂಕಮ್ 1993ರಲ್ಲಿ, ಅರ್ಥದಲ್ಲಿ ಹತ್ತಿರದ ಹೊಸ ಪದಗಳನ್ನು ಒಟ್ಟಿಗೆ ಕಲಿಸಿದರೆ ಸಂಬಂಧವಿಲ್ಲದ ಪದಗಳಿಗಿಂತ ನಿಧಾನವಾಗಿ ತಲೆಗೆ ಹೋಗುತ್ತವೆ ಎಂದು ತೋರಿಸಿದರು. ಅವು ಚಿಕ್ಕ ಪ್ರಯೋಗಗಳು, ಕ್ರಿಯಾಪದಗಳ ಬಗ್ಗೆಯೂ ಅಲ್ಲ, ಹಾಗಾಗಿ ಅದನ್ನು ದೊಡ್ಡದು ಮಾಡುವುದಿಲ್ಲ. ಆದರೆ ಅದನ್ನು ಓದಿದ ಮೇಲೆ ನಾನು ಪೆದೀರ್ ಅನ್ನು ಹೋಟೆಲಿನ ಪಾಠದಲ್ಲಿ, ಪ್ರೆಗುಂತಾರ್ ಅನ್ನು ಒಂದೂವರೆ ತಿಂಗಳ ನಂತರ ದಾರಿ ಕೇಳುವ ಪಾಠದಲ್ಲಿ ಹೇಳಿಕೊಡಲು ಶುರುಮಾಡಿದೆ. ‘ಪ್ರೆಗುಂತೇ ಉನ್ ಕಫೇ’ ಬರುವುದು ಕಡಿಮೆಯಾಗಿದೆ. ಈ ಹುಡುಗ ಬೇರೆ ಕಡೆ ಕಲಿತು ಅರ್ಧದಲ್ಲಿ ಸೇರಿದವನು.

ಇಂಗ್ಲಿಷನ್ನು ಬದಿಗಿಟ್ಟು ಕನ್ನಡದ ‘ಕೇಳು’ವನ್ನು ಇನ್ನೊಮ್ಮೆ ನೋಡಿದರೆ ಹುಡುಗನ ಮೂರನೆಯ ವಾಕ್ಯದಲ್ಲೇ ಉತ್ತರ ಇತ್ತು. ಸಕ್ಕರೆ ತರಬೇಕೆಂದು ‘ಕೇಳಿಕೊಂಡೆ’ ಎಂದಿದ್ದ, ‘ಕೇಳಿದೆ’ ಎಂದಿರಲಿಲ್ಲ. ‘ಬರ್ತೀಯಾ ಅಂತ ಕೇಳಿದೆ’ ಮತ್ತು ‘ಬರಬೇಕೆಂದು ಕೇಳಿಕೊಂಡೆ’ ಎರಡನ್ನೂ ನಮ್ಮಲ್ಲಿ ಯಾರೂ ಬೆರೆಸುವುದಿಲ್ಲ. ಮೊದಲನೆಯದು ‘ಲೆ ಪ್ರೆಗುಂತೇ ಸಿ ಬೆನೀಯಾ’, ಎರಡನೆಯದು ‘ಲೆ ಪೆದೀ ಕೆ ಬಿನ್ಯೇರಾ’. ಸ್ಪ್ಯಾನಿಷ್ ಕ್ರಿಯಾಪದದ ರೂಪ ಬದಲಿಸುವ ಕಡೆ ನಾವು ‘ಬೇಕು’ ಸೇರಿಸಿದ್ದೇವೆ, ಅಷ್ಟೇ. ‘ನಿಮ್ಮನ್ನು ಯಾರೋ ಕೇಳಿಕೊಂಡು ಬಂದಿದ್ದರು’ ಎನ್ನುವುದು ಮಾತ್ರ ಬೇರೆ. ಅದು ವಿಚಾರಿಸಿಕೊಂಡು ಬಂದದ್ದು, ಅಂದರೆ ‘ಪ್ರೆಗುಂತಾರ್ ಪೋರ್’.

ಇನ್ನು ತೊಮಾರ್, ಕೊಹೇರ್. ಇಲ್ಲಿ ಎಡವಿದರೆ ವ್ಯಾಕರಣ ಕೆಡುವುದಿಲ್ಲ, ಮರ್ಯಾದೆ ಕೆಡುತ್ತದೆ.

ಸ್ಪೇನಿನಲ್ಲಿ ಕೊಹೇರ್ ದಿನಕ್ಕೆ ನೂರು ಸಲ ಕಿವಿಗೆ ಬೀಳುತ್ತದೆ. ಬಸ್ಸು ಹಿಡಿಯುವುದು, ಫೋನು ಎತ್ತುವುದು, ಕೆಳಗೆ ಬಿದ್ದ ಪೆನ್ನು ತೆಗೆದುಕೊಳ್ಳುವುದು, ನೆಗಡಿ ಹಿಡಿಯುವುದು ಎಲ್ಲ ಅದರಲ್ಲೇ. ಅಟ್ಲಾಂಟಿಕ್ ದಾಟಿ ಮೆಕ್ಸಿಕೋ, ಅರ್ಜೆಂಟೀನಾ, ಉರುಗ್ವೆ, ಪರಾಗ್ವೆಗಳಿಗೆ ಹೋದರೆ ಅದೇ ಪದ ಸಂಭೋಗಕ್ಕಿರುವ ಒರಟು ಮಾತು. ಅಲ್ಲಿ ‘ಬಸ್ಸನ್ನು ಕೊಹೇರ್ ಮಾಡಬೇಕು’ ಎಂದರೆ ಕೇಳಿದವರು ಮೊದಲು ನಕ್ಕು ಆಮೇಲೆ ತಿದ್ದುತ್ತಾರೆ. ಆದರೆ ಅಮೆರಿಕ ಖಂಡದಲ್ಲಿ ಎಲ್ಲೆಡೆ ಹೀಗಿಲ್ಲ. ಕ್ಯೂಬಾದವರು ಬಸ್ಸಿಗೆ ‘ಗ್ವಾಗ್ವಾ’ ಎನ್ನುತ್ತಾರೆ, ಅದನ್ನು ಯಾವ ಮುಜುಗರವೂ ಇಲ್ಲದೆ ಕೊಹೇರ್ ಮಾಡುತ್ತಾರೆ. ಕೊಲಂಬಿಯಾ, ಈಕ್ವೆಡಾರ್‌ಗಳಲ್ಲೂ ಅದು ಸಾಧಾರಣ ಪದ. ‘ಲ್ಯಾಟಿನ್ ಅಮೆರಿಕದಲ್ಲಿ ಕೊಹೇರ್ ನಿಷಿದ್ಧ’ ಎಂದು ಒಂದೇ ಸಾಲಿನಲ್ಲಿ ಮುಗಿಸುವ ಪುಸ್ತಕಗಳು ಅರ್ಧ ಸತ್ಯ ಹೇಳುತ್ತವೆ. ಇನ್ನೊಂದು ಸೋಜಿಗ: ಆ ಪದವನ್ನೇ ಹೊಟ್ಟೆಯಲ್ಲಿಟ್ಟುಕೊಂಡ ‘ರೆಕೊಹೇರ್’ (ಹೋಗಿ ಕರೆತರುವುದು, ಎತ್ತಿಕೊಳ್ಳುವುದು), ‘ಎಸ್ಕೊಹೇರ್’ (ಆರಿಸುವುದು) ಮೆಕ್ಸಿಕೋದಲ್ಲೂ ಮಡಿಯಾಗಿಯೇ ಉಳಿದಿವೆ.

ಹುಡುಗನಿಗೆ ನಾನು ಹೇಳಿದ್ದು: ಗ್ವಾದಲಹಾರಾಕ್ಕೆ ಹೋಗುವವನು ಕೊಹೇರ್ ಅನ್ನು ಕಿವಿಗೆ ಕಲಿ, ಬಾಯಿಗೆ ಬೇಡ. ಬಸ್ಸಿಗೆ ತೊಮಾರ್ ಸಾಕು, ಕೈಯಲ್ಲಿ ಹಿಡಿಯುವುದಕ್ಕೆ ‘ಅಗರ್ರಾರ್’ ಇದೆ. ಮೆಕ್ಸಿಕೋದಲ್ಲಿ ಬಸ್ಸಿಗೆ ‘ಕಮ್ಯೋನ್’ ಎನ್ನುತ್ತಾರೆ. ಸ್ಪೇನಿನಲ್ಲಿ ಅದೇ ಪದಕ್ಕೆ ಲಾರಿ ಎಂದರ್ಥ, ಅದನ್ನೂ ನೆನಪಿಟ್ಟುಕೋ.

ಒಂದು ವಿಷಯದಲ್ಲಿ ಕನ್ನಡದವರು ಅದೃಷ್ಟವಂತರು. ಇಂಗ್ಲಿಷಿನವರಿಗೆ ಬಸ್ಸು, ಮಾತ್ರೆ, ಫೋಟೋ, ಮಗುವನ್ನು ಶಾಲೆಗೆ ಕರೆದೊಯ್ಯುವುದು, ಅಂಗಿ ಕಳಚುವುದು, ಇಷ್ಟು ಹೊತ್ತು ಹಿಡಿಯಿತು ಎನ್ನುವುದು ಎಲ್ಲ ‘ಟೇಕ್’ ಒಂದರ ಕೆಳಗೆ ಬರುತ್ತದೆ. ಹಾಗಾಗಿ ಅವರು ಎಲ್ಲಕ್ಕೂ ತೊಮಾರ್ ಹಾಕಲು ಹೋಗುತ್ತಾರೆ. ನಾವು ಬಸ್ಸನ್ನು ಹಿಡಿಯುತ್ತೇವೆ, ಮಾತ್ರೆ ತಗೊಳ್ಳುತ್ತೇವೆ, ಫೋಟೋ ತೆಗೆಯುತ್ತೇವೆ, ಮಗುವನ್ನು ಕರೆದುಕೊಂಡು ಹೋಗುತ್ತೇವೆ, ಅಂಗಿ ಬಿಚ್ಚುತ್ತೇವೆ. ಸ್ಪೇನಿನವರದೂ ಇದೇ ಲೆಕ್ಕ: ಕೊಹೇರ್, ತೊಮಾರ್, ಸಕಾರ್, ಯೆಬಾರ್, ಕಿತಾರ್ಸೆ. ಸಕಾರ್ ಎಂದರೆ ಹೊರಗೆ ತೆಗೆಯುವುದು, ನಮ್ಮ ‘ತೆಗೆ’ಯೇ. ನೆಗಡಿ ಕೂಡ ನಮ್ಮಲ್ಲಿ ‘ಹಿಡಿಯುತ್ತದೆ’. ನಮಗೆ ಅದು ನಮ್ಮನ್ನು ಹಿಡಿಯುತ್ತದೆ, ಅವರು ಅದನ್ನು ಹಿಡಿಯುತ್ತಾರೆ ಎನ್ನುವುದಷ್ಟೇ ವ್ಯತ್ಯಾಸ. ಇನ್ನು ‘ಅವರು ಸ್ವಲ್ಪ ತಗೋತಾರೆ’ ಎಂದು ಕಣ್ಣು ಮಿಟುಕಿಸಿದರೆ ಯಾವುದರ ಮಾತು ಎಂದು ನಮ್ಮೂರಲ್ಲಿ ವಿವರಿಸಬೇಕಾಗಿಲ್ಲ. ಮೆಕ್ಸಿಕೋದಲ್ಲೂ ‘ತೋಮಾ’ ಎಂದಷ್ಟೇ ಹೇಳಿದರೆ ಅದೇ ಅರ್ಥ, ಆಸಾಮಿ ಕುಡಿಯುತ್ತಾನೆ.

ಸಬೇರ್, ಕೊನೊಸೇರ್ ಜೋಡಿಗೆ ಎಲ್ಲ ಪುಸ್ತಕಗಳೂ ಕೊಡುವ ಸೂತ್ರ ‘ವಿಷಯ ತಿಳಿದಿರುವುದು ಸಬೇರ್, ಜನ ಮತ್ತು ಜಾಗ ಪರಿಚಯವಿರುವುದು ಕೊನೊಸೇರ್’. ಸೂತ್ರ ಸರಿಯೇ. ಈಜು ಬರುತ್ತದೆ, ಅಡುಗೆ ಬರುತ್ತದೆ ಎನ್ನುವುದೂ ಸಬೇರ್. ಒಂದು ಹಾಡು ‘ಕೊನೊಸ್ಕೊ’ ಎಂದರೆ ಕೇಳಿದ್ದೇನೆ, ಗುರುತಿದೆ. ಅದನ್ನೇ ‘ಮೆ ಸೆ’ ಎಂದರೆ ಬಾಯಿಪಾಠವಾಗಿದೆ. ‘ಮ್ಯಾಡ್ರಿಡ್ ಕೊನೊಸೆಸ್?’ ಎಂದು ಯಾರಾದರೂ ಕೇಳಿದರೆ ಅದು ಭೂಗೋಳದ ಪ್ರಶ್ನೆಯಲ್ಲ, ಅಲ್ಲಿಗೆ ಹೋಗಿದ್ದೀಯಾ ಎಂದು. ನಕ್ಷೆಯಲ್ಲಿ ಮಾತ್ರ ನೋಡಿದವನು ಇಲ್ಲ ಎನ್ನಬೇಕು. ಸಬೇರ್‌ಗೆ ಹುಟ್ಟಿನಿಂದ ಬಂದ ಇನ್ನೊಂದು ಅರ್ಥವೂ ಇದೆ. ಲ್ಯಾಟಿನಿನ ‘ಸಪೆರೆ’ ಎಂದರೆ ರುಚಿ ಇರುವುದು. ಸಾರಿನಲ್ಲಿ ಬೆಳ್ಳುಳ್ಳಿಯ ರುಚಿ ಇದೆ ಎನ್ನಲು ಈಗಲೂ ‘ಸಾಬೆ ಆ ಆಹೊ’ ಎನ್ನುತ್ತಾರೆ.

ಇಂಗ್ಲಿಷಿನವರು ನಿಜವಾಗಿ ಬೆವರುವುದು ಇಲ್ಲಲ್ಲ, ಭೂತಕಾಲದಲ್ಲಿ. ಸ್ಪ್ಯಾನಿಷಿನಲ್ಲಿ ಭೂತಕಾಲ ಎರಡಿದೆ, ಒಂದು ಹಾಗೇ ಇದ್ದದ್ದಕ್ಕೆ, ಇನ್ನೊಂದು ಥಟ್ಟನೆ ಆದದ್ದಕ್ಕೆ. ‘ಸಬೀಯಾ’ ಎಂದರೆ ತಿಳಿದಿತ್ತು, ‘ಸೂಪೆ’ ಎಂದರೆ ಆಗ ತಿಳಿಯಿತು. ‘ಕೊನೊಸೀಯಾ’ ಎಂದರೆ ಪರಿಚಯವಿತ್ತು, ‘ಕೊನೊಸೀ’ ಎಂದರೆ ಮೊದಲ ಸಲ ಭೇಟಿಯಾದೆ. ಇಂಗ್ಲಿಷ್ ಪುಸ್ತಕಗಳು ಇದನ್ನು ‘ಅರ್ಥ ಬದಲಾಗುವ ಕ್ರಿಯಾಪದಗಳು’ ಎಂದು ಒಂದು ಪಟ್ಟಿ ಮಾಡಿ, ಉರುಹೊಡೆಯಿರಿ ಎನ್ನುತ್ತವೆ. ನಾನೂ ಮೊದಲ ವರ್ಷ ಆ ಪಟ್ಟಿಯನ್ನೇ ಉರುಹೊಡೆಸಿದೆ. ಒಂದು ದಿನ ಹಿಂದಿನ ಬೆಂಚಿನ ಅಜ್ಜಿಯೊಬ್ಬರು (ಮೊಮ್ಮಕ್ಕಳು ಬಾರ್ಸಿಲೋನಾದಲ್ಲಿದ್ದಾರೆ ಎಂದು ಕಲಿಯಲು ಬಂದವರು) “ಗೊತ್ತಿತ್ತು, ಗೊತ್ತಾಯಿತು ಅಂತ ತಾನೇ ಕಣಮ್ಮಾ, ಇದಕ್ಕೆ ಇಷ್ಟೊಂದು ಯಾಕೆ?” ಎಂದರು. ಹೌದಲ್ಲ! ಇತ್ತು, ಆಯಿತು. ಪರಿಚಯವಿತ್ತು, ಪರಿಚಯವಾಯಿತು. ಅರ್ಥ ಬದಲಾಗುವುದೇ ಇಲ್ಲ. ‘ಇರು’ ಹೋಗಿ ‘ಆಗು’ ಬರುತ್ತದೆ. ಪಟ್ಟಿಯನ್ನು ಅವತ್ತೇ ಹರಿದುಹಾಕಿದೆ.

ಸೇರ್, ಎಸ್ತಾರ್ ಬಗ್ಗೆ ಎಷ್ಟು ಬರೆದರೂ ಮುಗಿಯದು, ಇಲ್ಲಿ ಒಂದೇ ಮಾತು. ‘ಶಾಶ್ವತವಾದದ್ದಕ್ಕೆ ಸೇರ್, ತಾತ್ಕಾಲಿಕಕ್ಕೆ ಎಸ್ತಾರ್’ ಎಂಬ ಜನಪ್ರಿಯ ಸೂತ್ರವನ್ನು ನಂಬಬೇಡಿ. ಸತ್ತವನು ಸ್ಪ್ಯಾನಿಷಿನಲ್ಲಿ ‘ಎಸ್ತಾ ಮ್ವೆರ್ತೊ’, ಎಸ್ತಾರ್. ಸಾವಿಗಿಂತ ಶಾಶ್ವತ ಯಾವುದು? ಕನ್ನಡದ ‘ಅವನು ಸತ್ತಿದ್ದಾನೆ’ಯಲ್ಲೂ ‘ಇರು’ ಇದೆ. ‘ಅವನು ಮೇಷ್ಟ್ರು’ ಎಂದು ಕ್ರಿಯಾಪದವೇ ಇಲ್ಲದೆ ಹೇಳುವ ಕಡೆ ಸ್ಪ್ಯಾನಿಷಿನಲ್ಲಿ ಸೇರ್ ಬರುತ್ತದೆ. ‘ಕಾಫಿ ಬಿಸಿಯಾಗಿದೆ’, ‘ಮನೆಯಲ್ಲಿದ್ದಾನೆ’ ಎಂದು ‘ಇರು’ ಬೇಕಾದ ಕಡೆ ಎಸ್ತಾರ್. ಎಲ್ಲ ಕಡೆಯೂ ಕೂರುವ ಸೂತ್ರವಲ್ಲ ಇದು, ಆದರೂ ಶಾಶ್ವತ–ತಾತ್ಕಾಲಿಕಕ್ಕಿಂತ ಹೆಚ್ಚು ದೂರ ಕರೆದೊಯ್ಯುತ್ತದೆ. ಆಟ ಆಡುವುದಕ್ಕೆ ‘ಹುಗಾರ್’, ವಾದ್ಯ ನುಡಿಸುವುದಕ್ಕೆ ‘ತೊಕಾರ್’; ಬಿಡುವುದಕ್ಕೆ ‘ದೆಹಾರ್’, ಹೊರಡುವುದಕ್ಕೆ ‘ಸಲೀರ್’ ಎಂಬಂಥ ಜೋಡಿಗಳ ಬಗ್ಗೆ ಕನ್ನಡಿಗರಿಗೆ ಹೇಳುವುದೇ ಬೇಡ. ವೀಣೆ ಆಡಿದೆ ಎಂದು ನಮ್ಮಲ್ಲಿ ಯಾರು ಹೇಳುತ್ತಾರೆ?

ಹೀಗೆ ಒಂದೊಂದಾಗಿ ದಾಟಿಕೊಂಡು ಬಂದವರು ಈರ್, ಬೆನೀರ್ ಹತ್ತಿರ ಬಂದಾಗ ಜಾರುತ್ತೇವೆ. ಇಲ್ಲಿ ಕನ್ನಡವೂ ಇಂಗ್ಲಿಷೂ ಒಂದೇ ದೋಣಿಯಲ್ಲಿವೆ. ಒಳಗಿನಿಂದ ಅಮ್ಮ ಕರೆದರೆ ನಾವು ‘ಬಂದೆ’ ಎನ್ನುತ್ತೇವೆ. ಇಂಗ್ಲಿಷಿನವರೂ ಬರುತ್ತಿದ್ದೇನೆ ಎಂದೇ ಹೇಳುತ್ತಾರೆ. ಸ್ಪ್ಯಾನಿಷ್ ಮಗು ‘ಯಾ ಬೊಯ್’ ಎನ್ನುತ್ತದೆ, ಅಕ್ಷರಶಃ ‘ಇದೋ ಹೋಗುತ್ತೇನೆ’. ಬೆನೀರ್ ಎನ್ನುವುದು ಮಾತಾಡುವವನು ನಿಂತ ಜಾಗದ ಕಡೆಗೆ ಮಾತ್ರ. ಕೇಳುವವನು ಎಲ್ಲಿದ್ದಾನೆ ಎಂಬುದಕ್ಕೆ ಅಲ್ಲಿ ಬೆಲೆಯಿಲ್ಲ. ಚಾರ್ಲ್ಸ್ ಫಿಲ್ಮೋರ್ 1971ರಲ್ಲಿ ಸಾಂತಾ ಕ್ರೂಜ್‌ನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಇಂಗ್ಲಿಷಿನ ಬರುವುದು–ಹೋಗುವುದನ್ನು ಬಿಡಿಸಿಟ್ಟರು. ಇಂಗ್ಲಿಷಿನಲ್ಲಿ ಕೇಳುವವನು ಇರುವ ಜಾಗದ ಕಡೆಗೂ ‘ಬರಬಹುದು’. ಕನ್ನಡದಲ್ಲೂ ‘ನಾಳೆ ನಿಮ್ಮ ಮನೆಗೆ ಬರ್ತೀನಿ’ ಎನ್ನುತ್ತೇವಲ್ಲ, ಹಾಗೆ. ಸ್ಪ್ಯಾನಿಷಿನ ಪಕ್ಕದ ಮನೆಯ ಕತಲಾನ್ ಕೂಡ ನಮ್ಮ ಕಡೆಗೇ ಇದೆ.

ಸಾಮಾನು ತರುವುದು–ಒಯ್ಯುವುದೂ ಇದೇ ನಿಯಮಕ್ಕೆ ಕಟ್ಟುಬಿದ್ದಿದೆ. ಊಟಕ್ಕೆ ಕರೆದವರಿಗೆ ಫೋನು ಮಾಡಿ ‘ಏನಾದ್ರೂ ತರಲಾ?’ ಎಂದು ಕೇಳುವ ಜಾಗದಲ್ಲಿ ಸ್ಪ್ಯಾನಿಷಿನವರು ‘ಯೇಬೊ ಆಲ್ಗೊ?’ ಎನ್ನುತ್ತಾರೆ, ‘ಏನಾದರೂ ಒಯ್ಯಲಾ?’ ನಮ್ಮ ಕಿವಿಗೆ ಅದು ಅವರ ಮನೆಯಿಂದ ಏನನ್ನೋ ಎತ್ತಿಕೊಂಡು ಹೋಗುವವನ ಮಾತಿನಂತೆ ಕೇಳಿಸುತ್ತದೆ. ‘ತ್ರಯೇರ್’ ಹಾಕಿ ಹೇಳಿದರೆ ಅವರಿಗೆ ಅರ್ಥವಾಗುವುದಿಲ್ಲ ಎಂದಲ್ಲ. ಆದರೆ ಈ ಮನುಷ್ಯ ಆಗಲೇ ನಮ್ಮ ಮನೆಯಲ್ಲಿ ಕೂತು ಮಾತಾಡುತ್ತಿದ್ದಾನಾ ಎಂದು ಅರೆಕ್ಷಣ ತಬ್ಬಿಬ್ಬಾಗುತ್ತಾರೆ. ಇಲ್ಲಿ ಕನ್ನಡದಿಂದ ಎರವಲು ತರಲು ಏನೂ ಇಲ್ಲ. ಬಾಯಿ ತೆರೆಯುವ ಮುಂಚೆ ನನ್ನ ಕಾಲು ಈಗ ಎಲ್ಲಿದೆ ಎಂದು ನೋಡಿಕೊಳ್ಳಬೇಕು, ಆ ಜಾಗದ ಕಡೆಗೆ ಆದರೆ ಬೆನೀರ್, ತ್ರಯೇರ್. ಅಲ್ಲಿಂದ ಆಚೆಗೆ ಆದರೆ ಈರ್, ಯೆಬಾರ್.

ಅವತ್ತು ತರಗತಿ ಮುಗಿದ ಮೇಲೆ ಹುಡುಗ ತಿದ್ದಿದ ಹಾಳೆ ಮಡಿಸಿ ಚೀಲಕ್ಕೆ ಹಾಕಿಕೊಂಡ. ಬಾಗಿಲ ಹತ್ತಿರ ನಿಂತು “ಬರ್ತೀನಿ ಮೇಡಂ” ಎಂದ. ಸ್ಪ್ಯಾನಿಷಿನಲ್ಲಿ ಹೇಳು ಎಂದೆ. ‘ಬೆಂಗೊ’ ಎಂದು ಶುರುಮಾಡಿ ತಾನೇ ನಾಲಿಗೆ ಕಚ್ಚಿಕೊಂಡ. ಹೊರಡುವಾಗ ಅವರು ಹೇಳುವುದು ‘ಮೆ ಬೊಯ್’, ಹೋಗುತ್ತೇನೆ. ಅದು ಅವನಿಗೆ ಗೊತ್ತಿತ್ತು, ಆದರೂ ಬಾಯಿಗೆ ಬರಲಿಲ್ಲ.

“ಹೋಗ್ತೀನಿ ಅಂತ ಅನ್ನಬಾರದು ಅಂತ ನಮ್ಮಜ್ಜಿ ಬೈತಿದ್ರು ಮೇಡಂ” ಎಂದು ನಕ್ಕು, ‘ಅಸ್ತಾ ಎಲ್ ಸಾಬದೊ’, ಶನಿವಾರ ಸಿಗೋಣ ಎಂದು ಹೇಳಿ ಮೆಟ್ಟಿಲಿಳಿದ.